ಹತ್ತು ಚೌಕಗಳಲ್ಲಿ ಹಿಡಿಯದ ಮೂವತ್ತೊಂದು ತಿಂಗಳು

ಕೋಡಿಂಗ್ ಕಲಿಸುವ ಸಂಸ್ಥೆಯೊಂದರ ಪ್ರಚಾರ ವಿಭಾಗದಲ್ಲಿ ನನ್ನ ಹೊಟ್ಟೆಪಾಡು. ವಿಭಾಗ ಎಂದರೆ ನಾನು, ಒಂದು ಕಂಪ್ಯೂಟರು, ಕಿರಗುಟ್ಟುವ ಒಂದು ಕುರ್ಚಿ. ಕೆಲಸ ಬಿಟ್ಟು ಕೆಲಸ ಬದಲಿಸಿದವರ ಕಥೆಯನ್ನು ಹತ್ತು ಚೌಕಗಳಲ್ಲಿ ಕೂರಿಸಿ ಫೋನಿಗೆ ಬಿಡುತ್ತೇನೆ. ಜನ ಹೆಬ್ಬೆರಳಿನಿಂದ ಸರಿಸುತ್ತಾ ಹೋಗುತ್ತಾರೆ. ಮೊದಲ ಚೌಕದಲ್ಲಿ ಸಪ್ಪೆ ಮುಖ, ಕೊನೆಯದರಲ್ಲಿ ಲ್ಯಾಪ್‌ಟಾಪಿನ ಮುಂದೆ ನಗುಮುಖ. ಕಷ್ಟಕ್ಕೆ ಒಂದು ಚೌಕ ಮೀಸಲು, ಎರಡಾದರೆ ಡೈರೆಕ್ಟರ್ ಮುಖ ಗಂಟಿಕ್ಕುತ್ತಾರೆ. ನಾಲ್ಕು ವರ್ಷದಿಂದ ಇದನ್ನೇ ಮಾಡಿ ಮಾಡಿ, ಯಾರಾದರೂ ನಕ್ಕರೆ ಇವರು ಎಷ್ಟನೇ ಚೌಕದಲ್ಲಿದ್ದಾರೆ ಎಂದು ಎಣಿಸುವ ಸ್ಥಿತಿಗೆ ಬಂದಿದ್ದೇನೆ.

ನಾನು ಮನಸ್ಸಿನಲ್ಲೇ ಲೆಕ್ಕದಕ್ಕ ಎಂದು ಹೆಸರಿಟ್ಟುಕೊಂಡವರು ಬಂದದ್ದು ಆ ಹೊತ್ತಿನಲ್ಲೇ. ವಯಸ್ಸು ನಲವತ್ತೊಂದು. ಪೈಪು ಮಾಡುವ ಕಂಪನಿಯಲ್ಲಿ ಹದಿನೇಳು ವರ್ಷ ಅಕೌಂಟೆಂಟ್ ಆಗಿದ್ದವರು, ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ತಯಾರಿಸುವ ಕಡೆ ಪ್ರೋಗ್ರಾಮರ್. ಎಲ್ಲರಿಗಿಂತ ಕಿರಿಯ ಹುದ್ದೆ, ಎಲ್ಲರಿಗಿಂತ ಹಿರಿಯ ವಯಸ್ಸು. ಉಳಿದವರೆಲ್ಲ ನನ್ನೆದುರು ಕೂತು ನೆನಪಿನಿಂದ ಕಥೆ ಹೇಳಿದರೆ, ಇವರು ಚೀಲದಿಂದ ಮೂರು ಡೈರಿ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಇದರಲ್ಲಿದೆ. ನೆನಪನ್ನ ನಂಬ್ಬೇಡಿ. ಅದು ತನಗೆ ಬೇಕಾದ್ದು ಮಾತ್ರ ಇಟ್ಕೊಳ್ಳುತ್ತೆ" ಎಂದರು.

ಡೈರಿಯ ಪ್ರಕಾರ ಒಟ್ಟು ಮೂವತ್ತೊಂದು ತಿಂಗಳು. ದಿನಾ ಬೆಳಿಗ್ಗೆ ಐದರಿಂದ ಆರೂವರೆ, ಆಮೇಲೆ ಅಡುಗೆ, ಆಮೇಲೆ ಆಫೀಸು. ಮೊದಲ ನಾಲ್ಕು ತಿಂಗಳು ವಿಡಿಯೊ ನೋಡಿ ನಕಲು ಹೊಡೆದದ್ದು. ನೋಡುವಾಗ ಎಲ್ಲ ತಿಳಿದಂತೆ, ಖಾಲಿ ಪರದೆ ಎದುರಿಗೆ ಬಂದರೆ ತಲೆ ಬುಡ ತಿಳಿಯದಂತೆ. ಅಷ್ಟರಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು, ಮೂರು ತಿಂಗಳು ಪುಸ್ತಕ ಮುಟ್ಟಲಾಗಲಿಲ್ಲ. ಆಮೇಲೆ ನಮ್ಮ ಸಂಜೆ ತರಗತಿ, ಆರು ತಿಂಗಳು. ಪ್ರಮಾಣಪತ್ರ ಸಿಕ್ಕಿತು, ಕೆಲಸ ಸಿಗಲಿಲ್ಲ. ಇನ್ನಾರು ತಿಂಗಳು ಒಬ್ಬರೇ ಕೂತು ಮೊದಲಿನಿಂದ ಕಲಿತರು. ಉಳಿದ ಹನ್ನೆರಡು ತಿಂಗಳು ಅರ್ಜಿ ಹಾಕಿದ್ದೇ ಹಾಕಿದ್ದು. ಎಂಬತ್ತಮೂರು ಅರ್ಜಿ, ಆರು ಸಂದರ್ಶನ, ಒಂದು ಕೆಲಸ. ಸಂಬಳ ಹಳೆಯದಕ್ಕಿಂತ ಕಡಿಮೆ.

"ಹಾಗಾದ್ರೆ ದೊಡ್ಡ ಲಾಭ ಏನು ಮೇಡಂ?" ನಾನು ಎಂಟನೇ ಚೌಕಕ್ಕೆ ಸಾಮಗ್ರಿ ಹುಡುಕುತ್ತಿದ್ದೆ.

"ಈಗ ಆರೂವರೆ ತನಕ ಮಲಗ್ತೀನಿ" ಎಂದರು. ತಮಾಷೆಯಲ್ಲ. ಕಣ್ಣಿನ ಕೆಳಗೆ ಕಪ್ಪು ಇನ್ನೂ ಮಾಸಿರಲಿಲ್ಲ.

ತರಗತಿಯಲ್ಲಿ ಅವರಿಗೆ ಅತಿ ಕಷ್ಟವಾದದ್ದು ಅಳಿಸುವುದಂತೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದರೆ ಒರೆಸುವ ಹಾಗಿಲ್ಲ. ಅದನ್ನು ಹಾಗೆಯೇ ಬಿಟ್ಟು, ಕೆಳಗೆ ಸರಿಪಡಿಸುವ ಇನ್ನೊಂದು ನಮೂದು ಹಾಕಬೇಕು. ಹದಿನೇಳು ವರ್ಷದ ಕೈ, ಕೋಡಿನಲ್ಲೂ ಹಾಗೆಯೇ ಮಾಡಿತು. ತಪ್ಪಿದ ಸಾಲುಗಳನ್ನೆಲ್ಲ ಟಿಪ್ಪಣಿಯಾಗಿಸಿ ಉಳಿಸಿಕೊಂಡರು, ಕಂಪ್ಯೂಟರು ಅವನ್ನು ಓದದೆ ದಾಟಿ ಹೋಗುತ್ತಿತ್ತು. ನಲವತ್ತು ಸಾಲಿನ ಕೆಲಸ, ಮುನ್ನೂರು ಸಾಲಿನ ಕಸ. "ಹಳೇದರ ಚರಿತ್ರೆ ಬೇರೆ ಕಡೆ ತಾನಾಗೇ ಉಳಿಯೋ ವ್ಯವಸ್ಥೆ ಇದೆ, ಧೈರ್ಯವಾಗಿ ಅಳಿಸಿ" ಎಂದು ನಮ್ಮ ಮೇಷ್ಟ್ರು ಹೇಳಿದ್ದರೂ, ಅಳಿಸಲು ಕೈ ಬರುವಷ್ಟರಲ್ಲಿ ಎರಡು ತಿಂಗಳಾಯಿತು.

ನಾನು ಹದಿನಾಲ್ಕು ಚೌಕ ಮಾಡಿದೆ. ಡೈರೆಕ್ಟರ್ ನೋಡಿ ಕನ್ನಡಕ ತೆಗೆದಿಟ್ಟರು.

"ಮೂವತ್ತೊಂದು ತಿಂಗಳು ಅಂದ್ರೆ ಯಾರಪ್ಪ ಸೇರ್ತಾರೆ? ನಮ್ಮ ಹತ್ರ ಕಲಿತಿದ್ದು ಆರು ತಿಂಗಳು ತಾನೆ? ಅದನ್ನ ಹಾಕು. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಬರೀ ಕತ್ತರಿ. ಅತ್ತೆಯ ಸೊಂಟ ಹೋಯಿತು, ಎಂಬತ್ತಮೂರು ಅರ್ಜಿ ಹೋದವು, ಕಡಿಮೆ ಸಂಬಳ ಹೋಯಿತು. 'ಲೆಕ್ಕದಿಂದ ಕೋಡಿಗೆ, ಆರು ತಿಂಗಳ ಪಯಣ' ಎಂದು ದಪ್ಪಕ್ಷರದಲ್ಲಿ ಬರೆದವನು ನಾನೇ. ನಾಚಿಕೆ ಆಗಲಿಲ್ಲ, ಮನೆಗೆ ಹೋಗಲು ಹೊತ್ತಾಗಿತ್ತು ಅಷ್ಟೆ.

ಆ ಪೋಸ್ಟ್ ಚೆನ್ನಾಗಿ ಓಡಿತು. ಮೂರನೇ ದಿನ, ಶುಕ್ರವಾರ ಮಧ್ಯಾಹ್ನ, ಲೆಕ್ಕದಕ್ಕ ನನ್ನ ಮೇಜಿನ ಮುಂದೆ ನಿಂತಿದ್ದರು. ಕೂಗಾಡಲಿಲ್ಲ. ಫೋನ್ ಮುಂದೆ ಹಿಡಿದರು. ಹಳೆಯ ಆಫೀಸಿನ ಕ್ಯಾಷಿಯರ್ ಕಳಿಸಿದ ಸಂದೇಶ. ಹದಿನೇಳು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದ ಮನುಷ್ಯ, ಓದುವ ಇಬ್ಬರು ಮಕ್ಕಳ ತಂದೆ. 'ನಿಮ್ಮ ಕಥೆ ನೋಡಿದೆ ಮೇಡಂ. ಆರು ತಿಂಗಳಾದ್ರೆ ಕೈಯಲ್ಲಿರೋದ್ರಲ್ಲಿ ಹೇಗೋ ದೂಡಬಹುದು. ಸೋಮವಾರ ರಾಜೀನಾಮೆ ಕೊಡ್ತೀನಿ.'

"ಫೋನ್ ಮಾಡಿ ನಿಜ ಹೇಳ್ಬಹುದಿತ್ತಲ್ಲ ಮೇಡಂ?"

"ಮಾಡ್ದೆ. ನೀವು ಗೆದ್ದಾಯ್ತು, ಈಗ ನನ್ನ ಹೆದರಿಸ್ತೀರಾ ಅಂದ್ರು. ನನ್ನ ಮಾತಿಗಿಂತ ನಿಮ್ಮ ಬಣ್ಣದ ಚೌಕದ ಮೇಲೆ ನಂಬಿಕೆ ಅವರಿಗೆ."

ನಾಲ್ಕು ವರ್ಷದಲ್ಲಿ ಚೌಕದ ಆಚೆ ಒಬ್ಬ ಮನುಷ್ಯ ಇದ್ದಾನೆಂದು ಅನ್ನಿಸಿದ್ದು ಅದೇ ಮೊದಲು. "ಈಗಲೇ ಅಳಿಸಿಬಿಡ್ತೀನಿ" ಎಂದು ಮೌಸಿಗೆ ಕೈ ಹಾಕಿದೆ.

"ಅಳಿಸ್ಬೇಡಿ. ಅಳಿಸಿದ್ರೂ ನೋಡಿದವರ ತಲೇಲಿ ತಪ್ಪು ಹಾಗೇ ಉಳಿಯುತ್ತೆ. ಅದು ಇರ್ಲಿ. ಕೆಳಗೆ ಸರಿಪಡಿಸಿ."

ಹಾಕಿದ ಪೋಸ್ಟಿಗೆ ಆಮೇಲೆ ಚೌಕ ಸೇರಿಸಲು ಬರುವುದಿಲ್ಲ, ಅಡಿಯ ಬರಹವನ್ನು ಮಾತ್ರ ತಿದ್ದಬಹುದು. ಡೈರೆಕ್ಟರ್ ಬಳಿ ಹೋದೆ. ಅವರೂ ಆ ಸಂದೇಶ ಓದಿದರು. "ಅಡಿಯಲ್ಲಿ ಒಂದು ಸಾಲು ಹಾಕು. ಮಿಕ್ಕಿದ್ದು ಅವರ ಖಾತೆಯಲ್ಲಿ ಹಾಕ್ಕೊಳ್ಲಿ, ನಮ್ಮದರಲ್ಲಿ ಬೇಡ" ಎಂದರು. ಒಂದು ಸಾಲು ಹಾಕಿದೆ: 'ಆರು ತಿಂಗಳು ತರಗತಿ ಮಾತ್ರ, ಕೆಲಸ ಸಿಗಲು ಒಟ್ಟು ಮೂವತ್ತೊಂದು ತಿಂಗಳು ಹಿಡಿದಿದೆ. ಪೂರ್ತಿ ಕಥೆ ಅವರ ಖಾತೆಯಲ್ಲಿದೆ.'

ಸಂಜೆಯವರೆಗೆ ಇಬ್ಬರೂ ಕೂತು ಹೊಸ ಚೌಕ ಮಾಡಿದೆವು. ಬಣ್ಣವಿಲ್ಲ, ಡೈರಿಯ ಪುಟಗಳ ಫೋಟೊ ಮಾತ್ರ, ತಾರೀಖು ಸಮೇತ. ಏಳನೆಯದು ಹದಿನೇಳನೇ ತಿಂಗಳ ಪುಟ: 'ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇಂದು ಓಡಲಿಲ್ಲ. ಯಾಕೆಂದು ಗೊತ್ತಿಲ್ಲ. ಆಫೀಸಿನ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಮುಖ ತೊಳೆದು ಬಂದು ವೋಚರ್ ಬರೆದೆ.' ಇದು ಬೇಡವೇನೋ ಎಂದೆ. "ಇದೇ ಬೇಕು. ಆವತ್ತು ಕ್ಯಾಷಿಯರ್ ಪಕ್ಕದಲ್ಲೇ ಇದ್ರು" ಎಂದರು. ಕೊನೆಯ ಚೌಕಕ್ಕೆ ನಗುವ ಫೋಟೊ ಕೇಳಲಿಲ್ಲ. 'ಕೆಲಸ ಬಿಡದೆ ಕಲಿಯಿರಿ' ಎಂದಷ್ಟೇ ಬರೆದು ಅವರ ಖಾತೆಯಲ್ಲಿ ಹಾಕಿದೆವು.

ಮೊದಲ ಪೋಸ್ಟನ್ನು ಸಾವಿರಗಟ್ಟಲೆ ಜನ ನೋಡಿದ್ದರು. ಇದನ್ನು ನೋಡಿದವರು ಭಾನುವಾರದವರೆಗೆ ನಲವತ್ತೆಂಟು. ಅದರಲ್ಲಿ ಕ್ಯಾಷಿಯರ್ ಇದ್ದಾರೋ ಇಲ್ಲವೋ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆಯೆಲ್ಲ ಫೋನನ್ನು ಮಗುಚಿಟ್ಟು, ಮತ್ತೆ ತಿರುಗಿಸಿ ನೋಡಿ, ಹೀಗೇ ಕಾಲ ಕಳೆದೆ. ಮಧ್ಯಾಹ್ನ ಲೆಕ್ಕದಕ್ಕನ ಕರೆ ಬಂತು.

"ಪತ್ರ ಕೊಟ್ಟಿಲ್ಲ" ಎಂದರು. ನಾನು ಕುರ್ಚಿಗೆ ಒರಗಿದೆ.

"ಏನಂದ್ರು?"

"ಡೈರಿ ಪುಟ ನೋಡಿದ್ರಂತೆ. ಆವತ್ತು ನಿಮ್ಮ ಕಣ್ಣು ಕೆಂಪಾಗಿದ್ದು ನೋಡಿದ್ದೆ, ಮನೇಲಿ ಏನೋ ಜಗಳ ಅಂದ್ಕೊಂಡು ಕೇಳಲಿಲ್ಲ ಅಂದ್ರು." ಅಕ್ಕನ ಧ್ವನಿ ಇಳಿಯಿತು. "ಮೂರು ದಿನ ಖುಷಿಯಾಗಿದ್ದೆ ಮೇಡಂ, ಎಷ್ಟೋ ವರ್ಷ ಆಗಿತ್ತು ಹಾಗಿದ್ದು ಅಂದ್ರು."

ಆ ಮೂರು ದಿನವನ್ನು ಕೊಟ್ಟವನು ನಾನು, ಕಿತ್ತುಕೊಂಡದ್ದರಲ್ಲೂ ನನ್ನ ಕೈಯಿತ್ತು.

"ನೀವೇನಂದ್ರಿ ಅಕ್ಕಾ?" ಮೇಡಂ ಎನ್ನುವುದು ಬಾಯಿಗೆ ಬರಲಿಲ್ಲ.

"ನಾಳೆಯಿಂದ ಐದಕ್ಕೆ ಫೋನ್ ಮಾಡಿ ಎಬ್ಬಿಸ್ಲಾ ಅಂತ ಕೇಳ್ದೆ. ಹೂಂ ಅಂದ್ರು."

"ಅಂದ್ರೆ ನೀವೂ ಐದಕ್ಕೆ ಏಳ್ಬೇಕಲ್ಲ."

"ಹೂಂ" ಎಂದು ದೊಡ್ಡದಾಗಿ ಆಕಳಿಸಿದರು.