ಮದುಮಗನ ಭುಜ ಹದಿನೇಳೂವರೆ

ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವಾಗ ಮಾಸ್ತರರ ಮುಂದೆ ಯಾರೂ ಎದೆಯುಬ್ಬಿಸುವ ಹಾಗಿಲ್ಲ. ಉಬ್ಬಿಸಿದರೆ ಅವರು ಟೇಪು ಇಳಿಬಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದರು. ಎಷ್ಟು ಹೊತ್ತು ಉಸಿರು ಕಟ್ಟಿಕೊಂಡಾರು? ಕೊನೆಗೆ ಬಿಡಲೇಬೇಕು. ಬಿಟ್ಟ ತಕ್ಷಣ ಟೇಪು ಕಂಕುಳ ಕೆಳಗಿಂದ ಎದೆ ಸುತ್ತಿ ಬಂದಿರುತ್ತಿತ್ತು.

ಆ ಮದುಮಗನಿಗೂ ಹಾಗೇ ಆಯಿತು. ಬ್ಯಾಂಕಿನ ಗುಮಾಸ್ತ, ಜೊತೆಗೆ ಸೋದರಮಾವನನ್ನು ಕರೆತಂದಿದ್ದ. ಶೇರ್ವಾನಿ ಮೈಗೆ ಅಂಟಿದ ಹಾಗಿರಬೇಕೆಂದು ಹುಡುಗನ ಹಟ.

"ಒಳಗೆ ಕುರ್ತಾ ಹಾಕ್ತೀಯಲ್ಲಪ್ಪ. ಎದೆಗೆ ನಾಲ್ಕಿಂಚು ಲೂಸು ಬೇಕು," ಎಂದರು ಮಾಸ್ತರರು.

"ಎರಡು ಸಾಕು ಸರ್."

"ಎರಡು ಇಟ್ರೆ ಮದುವೆ ದಿನ ಸೀನೋಕೂ ಆಗಲ್ಲ. ಮೂರು ಇಡ್ತೀನಿ, ಮಾತು ಬೇಡ."

ಕುತ್ತಿಗೆಯ ಹಿಂದಿನ ಮೂಳೆ ಮುಟ್ಟಿ, ಒಂದು ಭುಜದ ತುದಿಯ ಎಲುಬಿನಿಂದ ಇನ್ನೊಂದರ ತನಕ ಟೇಪು ಹಾಸಿದರು. ಭುಜ ಹದಿನೇಳೂವರೆ. ಎದೆ ಮೂವತ್ತೊಂಬತ್ತು, ಲೂಸು ಸೇರಿ ನಲವತ್ತೆರಡು. ಅದೇ ಮೂಳೆಯಿಂದ ಮಂಡಿಯವರೆಗೆ ಉದ್ದ ನಲವತ್ತು. ಎಲ್ಲವನ್ನೂ ಅಳತೆಚೀಟಿಯಲ್ಲಿ ಬರೆದರು. "ಎದೆ ತಪ್ಪಿದ್ರೆ ಬಿಚ್ಚಿ ಸರಿ ಮಾಡಬಹುದು. ಭುಜ ತಪ್ಪಿದ್ರೆ ಬಟ್ಟೆ ಹೋದ ಹಾಗೇ," ಎಂದು ಮಾವನಿಗೊಂದು ಪಾಠವನ್ನೂ ಹೇಳಿದರು. ಪಾಠ ಹೇಳದೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಮೂವತ್ತು ವರ್ಷ ಅಳತೆಯೂ ಅವರದೇ, ಕತ್ತರಿಯೂ ಅವರದೇ ಆಗಿತ್ತು. ಎರಡು ತಿಂಗಳ ಹಿಂದೆ ಮಂಡಿ ಕೈಕೊಟ್ಟಿತು, ಕಟಿಂಗ್ ಮೇಜಿನ ಮುಂದೆ ನಿಲ್ಲಲಾಗದೆ ಹೋಯಿತು. ಆಗ ಅಂಗಡಿಯ ಯಜಮಾನರು ಕಟಿಂಗನ್ನು ಮಹಡಿಯ ಮೇಲೆ ಕೆಲಸ ಮಾಡುವ ಅಕ್ಕನಿಗೆ ಒಪ್ಪಿಸಿದರು. ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಗುಂಡಿ ಹಾಕಲು ಬಂದವಳ ಕೈಗೆ ಕತ್ತರಿ ಕೊಟ್ಟು ಹನ್ನೆರಡು ವರ್ಷ ಪಳಗಿಸಿದವರು ಮಾಸ್ತರರೇ. ಆಕೆ ಉಕ್ಕಿನ ಸ್ಕೇಲು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಮಾಸ್ತರರು ತಮ್ಮ ಬಟ್ಟೆಯ ಟೇಪು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಆ ಎರಡು ತಿಂಗಳಲ್ಲಿ ಒಬ್ಬಿಬ್ಬರು ಅಂಗಿ ಸ್ವಲ್ಪ ಬಿಗಿ ಎಂದಾಗ, "ನಿಮಗೇ ಮೈ ಬಂದಿದೆ," ಎಂದು ಮಾಸ್ತರರು ಅವರ ಬಾಯಿ ಮುಚ್ಚಿಸಿದ್ದರು.

ಶೇರ್ವಾನಿ ತಯಾರಾಯಿತು. ಕನ್ನಡಿ ಮುಂದೆ ಹುಡುಗ ಗುಂಡಿ ಹಾಕಿಕೊಂಡ, ಹಾಕಿದ ಗುಂಡಿಗಳೆಲ್ಲ ಎಳೆದುಕೊಂಡು ನಿಂತವು. ಭುಜದ ಹೊಲಿಗೆ ಒಳಕ್ಕೆ ಕೂತು ತೋಳಿನ ಮೇಲೆ ಸುಕ್ಕುಗಳೆದ್ದವು. ಉದ್ದ ಮಂಡಿಗೆ ಒಂದಿಂಚು ಮೇಲೇ ನಿಂತಿತು. ಕೈ ಎತ್ತು ಎಂದರೆ ಎತ್ತಲಾಗಲಿಲ್ಲ. ಮದುವೆಗೆ ಒಂಬತ್ತು ದಿನ ಉಳಿದಿತ್ತು. ಸೋದರಮಾವ ಕೂಗಾಡತೊಡಗಿದರು. ಯಜಮಾನರು ಅಕ್ಕನನ್ನು ಕೆಳಗೆ ಕರೆಸಿದರು.

"ಚೀಟಿಯಲ್ಲಿ ಇದ್ದ ಹಾಗೇ ಕತ್ತರಿಸಿದ್ದೀನಿ," ಎಂದಳು ಅಕ್ಕ.

"ಸರಿ, ನೋಡೇಬಿಡೋಣ," ಎಂದು ಮಾಸ್ತರರು ಶೇರ್ವಾನಿ ಬಿಚ್ಚಿಸಿ ಮೇಜಿನ ಮೇಲೆ ಹಾಸಿ, ಎಲ್ಲರೆದುರು ಟೇಪು ಇಟ್ಟರು. ಎದೆ ನಲವತ್ತೊಂದು, ಭುಜ ಹದಿನೇಳು, ಉದ್ದ ಮೂವತ್ತೊಂಬತ್ತು. ಚೀಟಿಯಲ್ಲಿ ಬರೆದದ್ದಕ್ಕಿಂತ ಎಲ್ಲ ಕಡೆಯೂ ಕಡಿಮೆ. ಯಜಮಾನರು ಬಗ್ಗಿ ನೋಡಿದರು, ಸೋದರಮಾವನೂ ನೋಡಿದರು.

"ಮಾಸ್ತರೇ, ಒಂದ್ಸಲ ನನ್ನ ಸ್ಕೇಲ್ ತರ್ತೀನಿ, ಅದನ್ನ ಇಟ್ಟು ನೋಡಿ," ಎಂದಳು ಅಕ್ಕ.

"ನೀನು ಕತ್ತರಿ ಮುಟ್ಟೋಕೆ ಮುಂಚೆಯಿಂದ ಈ ಟೇಪು ನನ್ನ ಕತ್ತಲ್ಲಿದೆ. ಇಷ್ಟು ವರ್ಷ ಕಲಿಸಿದ್ದಕ್ಕೆ ಇದೇನಾ? ತಪ್ಪು ಮಾಡಿದ್ರೆ ತಪ್ಪು ಅಂತ ಒಪ್ಕೋಬೇಕು."

ಆಕೆ ತನ್ನ ಕೈಗಳನ್ನೇ ನೋಡಿಕೊಂಡು ನಿಂತಿದ್ದಳು. ಮಾರನೆಯ ದಿನದಿಂದ ಬರುವುದು ಬೇಡ ಎಂದರು ಯಜಮಾನರು. ಒಂದು ಮಾತು ಅಡ್ಡ ಹಾಕಿದ್ದರೆ ಉಳಿಯುತ್ತಿದ್ದಳು. ಮಾಸ್ತರರು ಹಾಕಲಿಲ್ಲ. ಒಳಗೊಳಗೆ ಅವರಿಗೆ ಸ್ವಲ್ಪ ಖುಷಿಯೇ ಆಗಿತ್ತು, ಅದನ್ನೂ ಹೇಳಿಬಿಡಬೇಕು. ಕತ್ತರಿ ಅವಳ ಕೈಗೆ ಹೋದ ದಿನದಿಂದ ಅವರ ಹೊಟ್ಟೆಯಲ್ಲೊಂದು ಉರಿ ಇತ್ತು.

ಹೊಸ ಬಟ್ಟೆ ಬಂತು. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಎತ್ತರದ ಸ್ಟೂಲಿನ ಮೇಲೆ ಕುಂಡೆ ಆನಿಸಿ, ಮಾಸ್ತರರೇ ಅದೇ ಚೀಟಿ ನೋಡಿ, ಅದೇ ಟೇಪು ಹಿಡಿದು ಕತ್ತರಿಸಿದರು. ಶೇರ್ವಾನಿ ಹುಡುಗನ ಮೈಮೇಲೆ ಹೇಳಿ ಮಾಡಿಸಿದ ಹಾಗೆ ಕೂತಿತು. "ಹಳೇ ಕೈ ಹಳೇ ಕೈನೇ," ಎಂದು ಯಜಮಾನರು ಬೆನ್ನು ತಟ್ಟಿದರು. ಮಾಸ್ತರರು ಆ ದಿನ ಎರಡು ಟೀ ಹೆಚ್ಚಿಗೆ ಕುಡಿದರು.

ಮದುವೆಯೂ ಮುಗಿಯಿತು. ಒಂದು ಮಧ್ಯಾಹ್ನ ಯಜಮಾನರು ಕೆಟ್ಟ ಶೇರ್ವಾನಿಯನ್ನು ಕತ್ತರಿಸಿ ಯಾರಿಗಾದರೂ ವೇಸ್ಟ್‌ಕೋಟು ಮಾಡಿ ಎಂದರು. ಮಾಸ್ತರರು ಮಹಡಿಗೆ ಹೋಗಿ ಅದನ್ನು ಮೇಜಿನ ಮೇಲೆ ಹಾಸಿದರು. ನೇರ ಗೆರೆ ಎಳೆಯಲು ಅಕ್ಕ ಬಿಟ್ಟುಹೋಗಿದ್ದ ಉದ್ದನೆಯ ಸ್ಕೇಲನ್ನು ಬೆನ್ನಿನ ನಡುವೆ ಇಟ್ಟರು. ಕಾಲರಿನ ಬುಡದಿಂದ ಅಂಚಿನವರೆಗೆ ನಲವತ್ತು ಇತ್ತು. ಮೂವತ್ತೊಂಬತ್ತಲ್ಲ, ಚೀಟಿಯಲ್ಲಿ ಬರೆದಿದ್ದ ನಲವತ್ತೇ.

ಭುಜಕ್ಕೆ ಇಟ್ಟರು. ಹದಿನೇಳೂವರೆ. ಗುಂಡಿ ಹಾಕಿ ಎದೆಗೆ ಅಡ್ಡಲಾಗಿ ಇಟ್ಟರು. ಇಪ್ಪತ್ತೊಂದು, ಎರಡೂ ಬದಿ ಸೇರಿ ನಲವತ್ತೆರಡು. ಕತ್ತಿನಿಂದ ಟೇಪು ತೆಗೆದು ಸ್ಕೇಲಿನ ಪಕ್ಕ ಹಾಸಿದರು. ಟೇಪಿನ ಮೂವತ್ತೊಂಬತ್ತು ಸ್ಕೇಲಿನ ನಲವತ್ತರ ಎದುರು ಹೋಗಿ ಕೂತಿತ್ತು. ಎಳೆದು ಎಳೆದು ಟೇಪೇ ಬೆಳೆದಿತ್ತು. ಅಂದರೆ ಹುಡುಗನ ನಿಜವಾದ ಎದೆಯೇ ನಲವತ್ತು, ಭುಜ ಹದಿನೆಂಟು. ಅದೇ ಟೇಪಿನಲ್ಲಿ ತಾವೇ ಅಳೆದು ತಾವೇ ಕತ್ತರಿಸುವಾಗ ಸುಳ್ಳಿಗೆ ಸುಳ್ಳು ಸರಿಹೋಗುತ್ತಿತ್ತು. ಅಕ್ಕ ಒಂದು ನೂಲೂ ತಪ್ಪಿರಲಿಲ್ಲ. ಮಾಸ್ತರರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಕೆಳಗಿಳಿದು ಯಜಮಾನರಿಗೆ ಎಲ್ಲ ಹೇಳಿದರು. ಯಜಮಾನರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಆಗಿದ್ದು ಆಗಿಹೋಯ್ತು ಮಾಸ್ತರೇ. ಈಗ ಬಾಯಿ ಬಿಟ್ರೆ ಅಂಗಡಿ ಮರ್ಯಾದೆ ಏನಾಗುತ್ತೆ? ಹೊಸ ಟೇಪು ತಗೊಳ್ಳಿ, ಸುಮ್ಮನಿರಿ."

ಸುಮ್ಮನಿರಲಾಗಲಿಲ್ಲ. ಮರುದಿನ ಕುಂಟುತ್ತ ಅಕ್ಕನ ಮನೆ ಹುಡುಕಿಕೊಂಡು ಹೋದರು. ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಆಕೆ ಕಿಟಕಿಯ ಬೆಳಕಿಗೆ ಕೂತು ಯಾರದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು. "ಬನ್ನಿ ಮಾಸ್ತರೇ," ಎಂದು ಎದ್ದು ಇದ್ದೊಂದು ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟು, ತಾನು ಚಾಪೆ ಹಾಸಿಕೊಂಡಳು.

ಮಾಸ್ತರರು ಅಡ್ಡಡ್ಡ ಮಾತಾಡದೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಟೇಪು, ಸ್ಕೇಲು, ಹದಿನೇಳೂವರೆ, ಎಲ್ಲ. ಕೊನೆಗೆ, "ತಪ್ಪು ನಂದೇ ಅಮ್ಮಾ. ನಿನ್ನ ಕೈ ಸರಿಯಾಗೇ ಇತ್ತು," ಎಂದರು. ಬಯ್ಯಲಿ, ಅಳಲಿ, ಹೊರಗೆ ನಡಿ ಎನ್ನಲಿ ಎಂದು ಕಾದರು.

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು.

"ಅವತ್ತು ಮನೆಗೆ ಬಂದು ನಾನೂ ಹಾಗೇ ಅಂದ್ಕೊಂಡೆ, ನನ್ನ ಕೈಯೇ ತಪ್ಪಿದೆ ಅಂತ. ನೀವು ಹೇಳಿದ್ರಲ್ಲ, ಅದಕ್ಕೆ. ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ. ಬೇರೆ ಅಂಗಡಿಯಲ್ಲಿ ನಾನೇ ಮಾತಾಡ್ತೀನಿ. ನಾಳೆಯೇ ಕಟಿಂಗ್ ಹಿಡಿಯಬಹುದು."

"ಕೆಲಸ ಎರಡು ಕಡೆ ಸಿಕ್ಕಿತ್ತು ಮಾಸ್ತರೇ. ಬಟ್ಟೆ ಹಾಸಿ, ಮೂರು ಮೂರು ಸಲ ಗುರುತು ಹಾಕ್ತೀನಿ. ಕತ್ತರಿ ತಗೊಂಡ್ರೆ ಕೈ ಮುಂದಕ್ಕೆ ಹೋಗಲ್ಲ. ಅರ್ಧ ದಿನ ಹಾಗೇ ನಿಂತಿದ್ದೀನಿ. ಎರಡೂ ಕಡೆ ಕಳಿಸಿಬಿಟ್ರು."

"ತಪ್ಪು ನಂದು ಅಂತ ಹೇಳ್ತಿದ್ದೀನಲ್ಲ..."

"ನಂಗೆ ಅರ್ಥ ಆಯ್ತು," ಎಂದಳು ಅಕ್ಕ, ಸಿಟ್ಟಿಲ್ಲದೆ. "ಕೈಗೆ ಯಾರು ಹೇಳ್ತಾರೆ?"

ಮಾಸ್ತರರಿಗೆ ಕಲಿಸುವುದು ಗೊತ್ತಿತ್ತು, ಇದನ್ನು ಹೇಗೆ ಕಲಿಸುವುದೆಂದು ಗೊತ್ತಿರಲಿಲ್ಲ. ಆಕೆ ನೀರು ತಂದುಕೊಟ್ಟಳು. ಅವರು ಕುಡಿಯುವ ತನಕ ಕಾದು, ಸಂಜೆಗೆ ಸೀರೆ ಕೊಡಬೇಕೆಂದು ಹೇಳಿ, ಮತ್ತೆ ಫಾಲ್ಸ್ ಹಚ್ಚತೊಡಗಿದಳು.