ಓದಿ ಹೇಳುವವರಿಗೆ ಒಂದು ಮಾತು

ಕಣ್ಣಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಎಲ್ಲರೂ ಆಕೆಯನ್ನು ಸರಳಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಡಾಕ್ಟರುಗಳು ಮೂವತ್ತು ಪುಟ ಬರೆದ ಅಧ್ಯಯನವನ್ನು ಎರಡು ಪುಟಕ್ಕಿಳಿಸಿ, ಅದರಲ್ಲಿ ಭಾಗವಹಿಸಿದ ರೋಗಿಗಳಿಗೆ ತಿಳಿಯುವ ಮಾತಿನಲ್ಲಿ ಬರೆದು ಕಳಿಸುವುದು ಆಕೆಯ ಕೆಲಸ. ಏಕೆ ಮಾಡಿದೆವು, ಹೇಗೆ ಮಾಡಿದೆವು, ಏನು ಕಂಡುಬಂತು. ಈ ಮೂರು, ಇದೇ ಸಾಲಿನಲ್ಲಿ. ಇದರಲ್ಲೇನು ಕಷ್ಟ ಎಂದು ಕೇಳುವವರು ಒಮ್ಮೆ ಡಾಕ್ಟರುಗಳ ಬರಹ ಓದಿ ನೋಡಬೇಕು. ಮೂಗು ಎಲ್ಲಿದೆ ಎಂದರೆ ತಲೆಯ ಸುತ್ತ ಕೈ ಬಳಸಿ ತೋರಿಸುವ ಜನ ಅವರು.

ಬರೆದರಷ್ಟೇ ಸಾಲದು. ಹೊರಗಿನವರೊಬ್ಬರು ಕೂತು ಕೇಳಬೇಕು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರು ತಪ್ಪಾಗಿ ಹೇಳಿದರೆ ತಪ್ಪು ಬರೆದವಳದು. ಈ ಕೆಲಸಕ್ಕೆ ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಒಬ್ಬ ನಿವೃತ್ತ ದರ್ಜಿ ಬರುತ್ತಿದ್ದರು. ಎಪ್ಪತ್ತೆಂಟು ವರ್ಷ. ಎರಡೂ ಕಣ್ಣಿನ ನಡುಭಾಗ ಹಾಳಾಗಿ, ಎದುರಿಗಿರುವವರ ಮುಖದ ಜಾಗದಲ್ಲಿ ಬೂದು ಮಚ್ಚೆಯೊಂದು ಕಾಣುತ್ತಿತ್ತು. ಕಿವಿ ಮಾತ್ರ ಕತ್ತರಿಯಷ್ಟು ಚುರುಕು. ಬೇಡದ ಪದ ಕಿವಿಗೆ ಬಿದ್ದರೆ, "ಇಲ್ಲಿ ಬಟ್ಟೆ ಜಾಸ್ತಿ ಆಯ್ತಮ್ಮ" ಎನ್ನುತ್ತಿದ್ದರು.

ಅವರಲ್ಲೊಂದು ವಿಚಿತ್ರವಿತ್ತು. ಕೋಣೆಯಲ್ಲಿ ಎರಡು ಕುರ್ಚಿ: ಕಿಟಕಿಯ ಬಳಿ ಮೆತ್ತೆಯದು, ಬಾಗಿಲ ಬಳಿ ಬರೀ ಮರದ್ದು. ದರ್ಜಿ ಎಂದೂ ಮೆತ್ತೆಯ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಬಾಗಿಲಲ್ಲಿ ಬರುವಾಗ ಒಂದು ಕ್ಷಣ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಯಾರಿಗೋ ದಾರಿ ಬಿಟ್ಟ ಹಾಗೆ. ಒಮ್ಮೆ ಸರಳಕ್ಕ ತನ್ನ ಕೈಚೀಲವನ್ನು ಆ ಕುರ್ಚಿಯ ಮೇಲೆ ಎಸೆದಾಗ ಮುದುಕನ ಕೈ ತಡೆಯುವಂತೆ ಮುಂದೆ ಬಂದು, ಗಾಳಿಯಲ್ಲಿ ನಿಂತು, ಮೆಲ್ಲಗೆ ಮಡಿಲಿಗೆ ಮರಳಿತ್ತು. ವಯಸ್ಸಾದವರ ಅಭ್ಯಾಸ ಎಂದುಕೊಂಡು ಆಕೆ ಎರಡು ವರ್ಷ ಸುಮ್ಮನಿದ್ದಳು. ಚೀಲವನ್ನು ಮಾತ್ರ ಅಂದಿನಿಂದ ನೆಲದ ಮೇಲೆ ಇಡುತ್ತಿದ್ದಳು, ಏಕೆಂದು ತನಗೇ ಗೊತ್ತಿಲ್ಲದೆ.

ಆ ವರ್ಷ ಅಲ್ಲಿನ ಡಾಕ್ಟರಮ್ಮ ತಮ್ಮ ಹೊಸ ಅಧ್ಯಯನವೊಂದನ್ನು ತಂದು ಮೇಜಿನ ಮೇಲಿಟ್ಟರು. ದೃಷ್ಟಿ ಬಹಳ ಕಳೆದುಕೊಂಡ ಕೆಲವರಿಗೆ ಎದುರಿಗೆ ಇಲ್ಲದ್ದು ಕಾಣುತ್ತದೆ, ಅದರ ಕುರಿತು. ಜಾಲರಿ, ಹೂಬಳ್ಳಿ, ಅಪರಿಚಿತ ಮುಖ, ವಿಚಿತ್ರ ಉಡುಪಿನ ಕುಳ್ಳ ಜನ, ಮಕ್ಕಳು. ಯಾರೂ ಮಾತಾಡುವುದಿಲ್ಲ. ಕಣ್ಣಿನಿಂದ ಬರಬೇಕಾದ ಸುದ್ದಿ ನಿಂತಾಗ ಮಿದುಳಿನ ನೋಡುವ ಭಾಗ ಖಾಲಿ ಕೂರದೆ ತಾನೇ ಚಿತ್ರ ಹೆಣೆಯುತ್ತದೆ. ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ.

ಇಷ್ಟು ಓದಿ ಸರಳಕ್ಕ ಹಾಳೆಯನ್ನು ಮಗುಚಿಟ್ಟಳು. ಇಪ್ಪತ್ತು ವರ್ಷದ ಹಿಂದೆ ಅವಳ ಅಮ್ಮ ಕಣ್ಣು ಮಂಜಾದ ಮೇಲೆ, ಮನೆಯಲ್ಲಿ ಮಗುವೊಂದಿದೆ ಎನ್ನುತ್ತಿದ್ದಳು. ಅಣ್ಣ ನಿದ್ದೆ ಮಾತ್ರೆ ತಂದ. ನೆಂಟರು ಬಂದರೆ ಅಮ್ಮನ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. "ಅಮ್ಮನಿಗೆ ತಲೆ ಕೆಟ್ಟಿದೆ" ಎಂದು ಬಂದವರಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಸರಳಕ್ಕನೇ. ಅಮ್ಮ ಆ ಚಿಲಕದ ಹಿಂದೆಯೇ ತೀರಿಕೊಂಡಳು.

ನಾಲ್ಕು ದಿನ ಕೂತು ಕರಡು ಬರೆದಳು. ಮೊದಲ ಎರಡು ಭಾಗ ಸಲೀಸಾಗಿ ಬಂದವು. ಮೂರನೆಯದರಲ್ಲಿ ಕೈ ತಡೆಯಿತು. ಒಳ್ಳೆಯ ಸುದ್ದಿಯನ್ನು ಮೇಲೆ ಹಾಕಿ ಕೆಟ್ಟದ್ದನ್ನು ಕೆಳಗೆ ಮೆಲ್ಲಗೆ ಹೇಳಿಬಿಡಲೇ ಎಂದು ಡಾಕ್ಟರಮ್ಮನನ್ನು ಕೇಳಿದಳು. ಅವರು ಒಪ್ಪಲಿಲ್ಲ. "ಮೊದಲು ಯಾವುದನ್ನ ಅಳೀತೀವಿ ಅಂತ ಶುರು ಮಾಡೋಕೆ ಮುಂಚೆನೇ ಬರೆದಿಟ್ಟಿದ್ವಿ, ಸರಳಕ್ಕ. ಉತ್ತರ ನೋಡಿದ ಮೇಲೆ ಸಾಲು ಬದಲಾಯಿಸಿದ್ರೆ ಅದು ಮೋಸ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಕೆಯ ಉಪಾಯ ಅಲ್ಲಿಗೆ ಮುಗಿಯಿತು.

ಗುರುವಾರ ದರ್ಜಿ ಬಂದರು. ಬಾಗಿಲಲ್ಲಿ ಸರಿದು ನಿಂತರು, ಮರದ ಕುರ್ಚಿಯಲ್ಲಿ ಕೂತರು. ಸರಳಕ್ಕ ಓದತೊಡಗಿದಳು.

ಏಕೆ ಮಾಡಿದೆವು: ದೃಷ್ಟಿ ಕುಂದಿದವರಿಗೆ ಇಲ್ಲದ್ದು ಏಕೆ ಕಾಣುತ್ತದೆಂದು ವಿವರಿಸಿ, ಕಣ್ಣಿನ ಸಣ್ಣ ಅಭ್ಯಾಸ ಕಲಿಸಿದರೆ, ಹಾಗೆ ಕಾಣುವುದು ಕಡಿಮೆಯಾಗುತ್ತದೆಯೇ ಎಂದು ತಿಳಿಯಲು. ಹೆದರಿಕೆ ಇಳಿಯುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ.

ಹೇಗೆ ಮಾಡಿದೆವು: ಮೂರು ಕಣ್ಣಾಸ್ಪತ್ರೆಗಳ, ಅರವತ್ತು ದಾಟಿದ ನೂರ ನಲವತ್ತು ಜನ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಅವರನ್ನು ಎಪ್ಪತ್ತು ಎಪ್ಪತ್ತರಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ಕಣ್ಣಿನ ಆರೈಕೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ, ನರ್ಸ್ ಮುಕ್ಕಾಲು ಗಂಟೆ ಕೂತು ವಿವರಿಸಿದರು, ಕಂಡಾಗ ದೀಪ ಹಾಕುವುದು, ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುವುದು ಕಲಿಸಿದರು, ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿದರು. ಮೂರು ತಿಂಗಳಾದ ಮೇಲೆ, ಯಾರು ಯಾವ ಗುಂಪೆಂದು ಗೊತ್ತಿಲ್ಲದವರು ಎಲ್ಲರನ್ನೂ ಕೇಳಿ ಲೆಕ್ಕ ಬರೆದುಕೊಂಡರು.

ದರ್ಜಿ ಇವೆರಡನ್ನೂ ಒಂದು ಹೊಲಿಗೆ ತಪ್ಪದಂತೆ ತಿರುಗಿ ಹೇಳಿದರು. ಆದರೆ ದನಿ ಸಣ್ಣಗಾಗಿತ್ತು. ಮೂರನೆಯದಕ್ಕೆ ಆಕೆ ಹಾಳೆ ತಿರುಗಿಸಿದಾಗ ಕೈ ಎತ್ತಿ ತಡೆದರು.

"ಓದೋಕೆ ಮುಂಚೆ ಒಂದು ಮಾತು ಹೇಳಮ್ಮ. ಅವರು ಹೋಗ್ತಾರಾ?"

ಯಾರು ಎಂದು ಆಕೆ ಕೇಳಲಿಲ್ಲ. ಬಿಸಿಲು ಬಿದ್ದ ಮೆತ್ತೆಯ ಕುರ್ಚಿ ಖಾಲಿಯಾಗಿತ್ತು. ಖಾಲಿ ಎಂದು ಎರಡು ಸಲ ನೋಡಬೇಕಾಯಿತು.

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕೆಲವರಿಗೆ ಕಾಣುವುದು ನಿಲ್ಲುತ್ತದೆ, ನಿಮಗೂ ನಿಲ್ಲಬಹುದು ಎಂದರೆ ಮುದುಕ ಇವತ್ತು ಹಗುರಾಗಿ ಮನೆಗೆ ಹೋಗುತ್ತಾರೆ. ನಿಲ್ಲದಿದ್ದಾಗ? ತಮ್ಮ ತಲೆಯೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆಕೆ ಹಾಳೆಯಲ್ಲಿದ್ದುದನ್ನು ಇದ್ದ ಹಾಗೆಯೇ ಓದಿದಳು.

ಏನು ಕಂಡುಬಂತು: ಕಾಣುವುದು ಕಡಿಮೆಯಾಗಲಿಲ್ಲ. ಮೊದಲು ಎರಡೂ ಗುಂಪಿನವರಿಗೆ ವಾರದಲ್ಲಿ ಸುಮಾರು ನಾಲ್ಕು ದಿನ ಕಾಣುತ್ತಿತ್ತು, ಕೊನೆಗೂ ಹೆಚ್ಚುಕಡಿಮೆ ಅಷ್ಟೇ. ಹೆದರಿಕೆ ಮಾತ್ರ, ವಿವರಣೆ ಕೇಳಿದವರಲ್ಲಿ ಹತ್ತಕ್ಕೆ ಏಳು ಅಂಕದಿಂದ ಮೂರಕ್ಕೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ ಏಳರಿಂದ ಆರಕ್ಕೆ. ತಮಗೆ ವಿವರಣೆ ಸಿಕ್ಕಿದೆಯೆಂದು ಅವರಿಗೇ ಗೊತ್ತಿದ್ದುದರಿಂದ ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ನೂರ ನಲವತ್ತು ಜನರಲ್ಲಿ ಅರವತ್ತೊಂದು ಜನ ಇದನ್ನು ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಅರವತ್ತೆರಡು ಅಂತ ಬರ್ಕೊಳ್ಳಿ" ಎಂದರು ದರ್ಜಿ.

ಹಾಗೆ ಸೇರಿಸಲು ಬರುವುದಿಲ್ಲ ಎಂದು ಹೇಳುವುದು ಆಕೆಯ ಕರ್ತವ್ಯ. ಹೇಳಲಿಲ್ಲ. ಮುದುಕ ತಾವಾಗಿ ಮಾತು ಬಿಚ್ಚಿದರು. ಎರಡು ವರ್ಷದಿಂದ ಒಂದು ಹುಡುಗಿ. ಆರೇಳು ವಯಸ್ಸು, ಹಸಿರು ಫ್ರಾಕು, ಯಾರ ಮಗುವೆಂದು ಗೊತ್ತಿಲ್ಲ. ಮಗಳಿಗೆ ಹೇಳಿದರೆ ಎಲ್ಲಿ ಕೂಡಿಹಾಕುತ್ತಾಳೋ ಎಂಬ ಭಯ. ಹೇಳದಿದ್ದರೆ ಇವಳು ತನ್ನನ್ನು ಕರೆದೊಯ್ಯಲು ಬಂದವಳೇ ಎಂಬ ಭಯ.

"ಸೂಜಿ ಕಾಣ್ದಿರೋ ಕಣ್ಣಿಗೆ ಅವಳ ಫ್ರಾಕಿನ ಒಂದೊಂದು ಹೊಲಿಗೆ ಕಾಣುತ್ತಮ್ಮ. ಬೆನ್ನ ಮೇಲೆ ಐದು ಗುಂಡಿ ಇರಬೇಕು, ನಡುವಿಂದು ಇಲ್ಲ. ದರ್ಜಿ ನಾನು. ಎರಡು ವರ್ಷದಿಂದ ಕೈ ತುರಿಸ್ತಾ ಇದೆ."

ಸರಳಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅಮ್ಮ ಕೊನೆಯ ಒಂದು ತಿಂಗಳು ಕೇಳಿದ್ದು ಅನ್ನವನ್ನಲ್ಲ, ನೀರನ್ನಲ್ಲ. ಸೂಜಿ, ಹಸಿರು ದಾರ ಮತ್ತು ಒಂದು ಗುಂಡಿ. ಮಗುವಿಗೆ ಬೇಕು ಎನ್ನುತ್ತಿದ್ದಳು. ಚುಚ್ಚಿಕೊಂಡಾಳೆಂದು ಯಾರೂ ಕೊಡಲಿಲ್ಲ. ಈ ಮಾತನ್ನು ಸರಳಕ್ಕ ಇಪ್ಪತ್ತು ವರ್ಷದಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಈಗ ದರ್ಜಿಗೆ ಹೇಳಿದಳು, ಚಿಲಕದ ಸಮೇತ. ಮುದುಕ ಮೆತ್ತೆಯ ಕುರ್ಚಿಯತ್ತಲೇ ಮುಖ ಮಾಡಿ ಎಲ್ಲ ಕೇಳಿಸಿಕೊಂಡರು.

ಆಮೇಲೆ, ಮೂರನೆಯ ಭಾಗ ತಿರುಗಿ ಹೇಳುವುದು ಬಾಕಿ ಇದೆಯೆಂದು ಅವರೇ ನೆನಪಿಸಿದರು. "ಅವರು ಹೋಗಲ್ಲ. ಹೇಳ್ಕೊಂಡ್ರೆ ಹೆದರಿಕೆ ಹೋಗಬಹುದು. ಸರಿ ತಾನೆ?"

"ಸರಿ, ಯಜಮಾನ್ರೇ" ಎಂದಳು.

ಹೊರಡುವಾಗ ಬಾಗಿಲಲ್ಲಿ ನಿಂತು, ಈ ಕಾಗದವನ್ನು ಮನೆಗೆ ಕಳಿಸಿದರೆ ಓದುವವರು ಯಾರು ಎಂದು ಕೇಳಿದರು. ಸರಳಕ್ಕನ ಮುಖ ಕೆಂಪಾಯಿತು. ಕಣ್ಣಿಲ್ಲದವರಿಗೆಂದು ಎರಡು ಪುಟ ಸಣ್ಣ ಅಕ್ಷರದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು! ಅಕ್ಷರ ದಪ್ಪ ಮಾಡಿದರೂ ಎಷ್ಟೋ ಮನೆಗಳಲ್ಲಿ ಓದುವವರು ಮಗನೋ ಸೊಸೆಯೋ. ಯಾರಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟಿದ್ದರೋ ಅವರೇ.

ಅಂದೇ ಡಾಕ್ಟರಮ್ಮನ ಬಳಿ ಹೋಗಿ, ಅಧ್ಯಯನದ ರೋಗಿಗಳಿಗೆಲ್ಲ ನರ್ಸ್ ಮೊದಲು ಫೋನ್ ಮಾಡಿ ಕಾಗದ ಬೇಕೋ, ಫೋನಿನಲ್ಲೇ ಕೇಳುತ್ತೀರೋ ಎಂದು ವಿಚಾರಿಸಬೇಕೆಂದು ಹಟ ಹಿಡಿದು ಒಪ್ಪಿಸಿದಳು. ಕಾಗದ ಬೇಕೆಂದವರಿಗೆ, ಮೂರು ಭಾಗದ ಸಾಲು ಕೆಡದಂತೆ, ಎಲ್ಲಕ್ಕಿಂತ ಮೇಲೆ ನಾಲ್ಕು ಸಾಲು ಸೇರಿಸಿದಳು: "ಇದನ್ನು ಓದಿ ಹೇಳುವವರಿಗೆ ಒಂದು ಮಾತು. ನಿಮ್ಮ ಮನೆಯವರಿಗೆ ಇಲ್ಲದ್ದು ಕಾಣುತ್ತಿರಬಹುದು. ಇದು ಹುಚ್ಚಲ್ಲ. ಬೈಯಬೇಡಿ, ಬಾಗಿಲು ಹಾಕಬೇಡಿ. ಏನು ಕಾಣುತ್ತದೆ ಎಂದು ಕೇಳಿ, ಕಣ್ಣಿನ ಡಾಕ್ಟರಿಗೂ ತಿಳಿಸಿ." ಬಾಗಿಲು ಎಂಬ ಪದ ಏಕೆ ಎಂದು ಡಾಕ್ಟರಮ್ಮ ಕೇಳಿದರು. ಇರಲಿ ಎಂದಳು. ಸಂಜೆ ಅಣ್ಣನಿಗೆ ಫೋನ್ ಮಾಡಿ ಆ ನಾಲ್ಕು ಸಾಲನ್ನು ಓದಿದಳು. ಕೇಳಿಸಿಕೊಂಡ ಅಣ್ಣ, "ಚಿಲಕ ಹಾಕಿದ್ದು ನಾನು" ಎಂದ. ತಲೆ ಕೆಟ್ಟಿದೆ ಎಂದು ಹೇಳಿದವಳು ನಾನು ಎಂದು ಇವಳೂ ಅಂದಳು.

ಮುಂದಿನ ಗುರುವಾರ ದರ್ಜಿ ಮಗಳ ಕೈ ಹಿಡಿದು ಬಂದರು. ಮಗಳಿಗೆ ಎಲ್ಲ ಹೇಳಿಯಾಗಿತ್ತಂತೆ. ಅವಳು ಕಣ್ಣೊರೆಸಿಕೊಂಡು, ಇಷ್ಟು ದಿನ ಒಬ್ಬರೇ ಹೇಗಿದ್ರಿ ಅಪ್ಪ ಎಂದು ಬೈದಳಂತೆ. ಅವಳು ಕೆಳಗೆ ಔಷಧಿ ತರಲು ಹೋದಾಗ ಮುದುಕ ಮರದ ಕುರ್ಚಿಯಲ್ಲಿ ಕೂತು, ಹೊಸ ಕರಡು ಓದುವಂತೆ ಸನ್ನೆ ಮಾಡಿ, ಮತ್ತೆ ತಾವೇ ತಡೆದರು.

"ಇವತ್ತು ಬೆನ್ನು ಈ ಕಡೆ ಮಾಡಿ ಕೂತಿದಾಳಮ್ಮ. ನಡುವಿನ ಗುಂಡಿ ಬಂದಿದೆ." ಸ್ವಲ್ಪ ತಡೆದು ಹೇಳಿದರು: "ದರ್ಜಿ ಕೆಲಸ ಅಲ್ಲ. ಕಣ್ಣು ಕಾಣದೋರು ತಡವಿ ತಡವಿ ಹಾಕಿದ ಹೊಲಿಗೆ. ಆದ್ರೆ ಗಟ್ಟಿಯಾಗಿದೆ."

ಮುದುಕ ಇವಳ ಸಮಾಧಾನಕ್ಕೆ ಹೇಳಿದರೋ, ಕಂಡೇ ಹೇಳಿದರೋ ಎಂದು ಸರಳಕ್ಕ ಕೇಳಲಿಲ್ಲ. ಅಳು ಒತ್ತರಿಸಿ ಬಂತು, ತಡೆಯಲೂ ಇಲ್ಲ. ಬಿಸಿಲಿನಲ್ಲಿ ಕುರ್ಚಿಯ ಮೆತ್ತೆ ಸ್ವಲ್ಪ ತಗ್ಗಿದಂತಿತ್ತು. ಆಕೆ ಹಾಳೆ ಎತ್ತಿಕೊಂಡು, ಇಬ್ಬರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮೊದಲ ಭಾಗದಿಂದ ಓದತೊಡಗಿದಳು.