ಲಿಫ್ಟಿನ ಅರ್ಜಿಗೆ ಬರೆದ ಉತ್ತರ

ನಗರಸಭೆಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬಾಗಿಲಿಗೆ ಅಂಟಿಸಿದ ಸೂಚನೆಯಲ್ಲಿ ಒಂದು ಕಾಗುಣಿತ ತಪ್ಪಿದ್ದರೂ ಪೆನ್ನು ತೆಗೆಯುವ ಹೆಂಗಸು ಎಂದು ‘ತಿದ್ದುಪಡಿ ಮೇಡಂ’ ಎಂಬ ಹೆಸರು ಅಂಟಿಬಿಟ್ಟಿತ್ತು. ಕಂದಾಯ ವಿಭಾಗದಲ್ಲಿ ಬಹಳ ವರ್ಷ ಇದ್ದಳು. ಅಲ್ಲಿ ದೊಡ್ಡವರೊಬ್ಬರ ಕಟ್ಟಡದ ಅಳತೆಯನ್ನೂ ತಿದ್ದಿದ್ದಕ್ಕೆ ಅವಳನ್ನು ಮಾಹಿತಿ ಅಧಿಕಾರಿಯ ಕುರ್ಚಿಗೆ ತಳ್ಳಿದರು. ಯಾರಿಗೂ ಬೇಡವಾದ ಕುರ್ಚಿ ಅದು. ಸಾರ್ವಜನಿಕರು ಕೇಳಿದ ಮಾಹಿತಿ ಇರುವುದು ಬೇರೆಯವರ ಕಪಾಟಿನಲ್ಲಿ, ಕೊಡಿಸಬೇಕಾದವಳು ಇವಳು. ಗಡುವು ಮೀರಿದರೆ ದಂಡ ಬೀಳುವುದು ಮಾತ್ರ ಇವಳ ಸಂಬಳಕ್ಕೆ.

ಆ ವರ್ಷ ನಗರಸಭೆಯ ಸಗಟು ಮಾರುಕಟ್ಟೆಯಲ್ಲಿ ಸರಕಿನ ಲಿಫ್ಟು ಹಗ್ಗ ಕಡಿದು ಬಿತ್ತು. ಒಳಗಿದ್ದ ಹಮಾಲಿಯ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅವನ ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುವವಳು. ಅವಳೇ ಒಂದು ಹಾಳೆಯಲ್ಲಿ ಅರ್ಜಿ ಬರೆದು ತಂದುಕೊಟ್ಟಳು. ಲಿಫ್ಟನ್ನು ಪರೀಕ್ಷಿಸಿದ ವರದಿಗಳು ಬೇಕು. ಮೊದಲೇ ಯಾರಾದರೂ ದೂರು ಕೊಟ್ಟಿದ್ದರೆ ಆ ದೂರುಗಳು ಬೇಕು, ಕೊಟ್ಟವರ ಹೆಸರೂ ಬೇಕು. ದುರಸ್ತಿ ಪುಸ್ತಕಗಳು ಬೇಕು. ಅಪಘಾತದ ಬಗ್ಗೆ ನಡೆಯುತ್ತಿರುವ ವಿಚಾರಣೆಯಲ್ಲಿ ಯಾರು ಏನು ಹೇಳಿದರು ಎಂಬುದು ಬೇಕು. ಲಿಫ್ಟಿನ ಪರವಾನಗಿ ಬೇಕು.

ಪರವಾನಗಿ ಇದ್ದದ್ದು ಬೇರೆ ಇಲಾಖೆಯಲ್ಲಿ. ಅರ್ಜಿಯ ಆ ಭಾಗವನ್ನು ತಿದ್ದುಪಡಿ ಮೇಡಂ ಕೂಡಲೇ ಅಲ್ಲಿಗೆ ವರ್ಗಾಯಿಸಿ, ಅಕ್ಕನಿಗೂ ತಿಳಿಸಿದಳು. ಉಳಿದದ್ದು ಎಂಜಿನಿಯರರ ಕಪಾಟಿನಲ್ಲಿತ್ತು. ನೆನಪೋಲೆಯ ಮೇಲೆ ನೆನಪೋಲೆ ಹೋದರೂ ಎಂಜಿನಿಯರರು ಕಿವಿಗೆ ಹಾಕಿಕೊಳ್ಳಲಿಲ್ಲ. ಗಡುವಿಗೆ ಇನ್ನೇನು ಒಂದೇ ದಿನ ಎನ್ನುವಾಗ ಫೈಲು ಹಿಡಿದು ತಾವೇ ಬಂದರು. ಮೇಲೆ ಅವರೇ ಬರೆಸಿದ ಉತ್ತರ ಸಿಕ್ಕಿಸಿತ್ತು.

‘ವಿಷಯವು ವಿಚಾರಣೆಯಲ್ಲಿದ್ದು ಗೌಪ್ಯವಾಗಿರುವುದರಿಂದ ಮಾಹಿತಿ ಕೊಡಲು ಬರುವುದಿಲ್ಲ. ಅರ್ಜಿದಾರರು ಇನ್ನು ಮುಂದೆ ಕಚೇರಿಯ ಸಮಯ ವ್ಯರ್ಥ ಮಾಡಬಾರದು.’

“ಸಹಿ ಹಾಕಿಬಿಡಿ ಮೇಡಂ. ಇವತ್ತೇ ಹೋಗ್ಲಿ.”

ಅವಳು ಎರಡು ಸಲ ಓದಿದಳು. “ಎರಡನೇ ಸಾಲು ಅಂತೂ ಹೋಗಲ್ಲ ಸರ್. ಕೇಳಿದವರನ್ನ ಬೈಯೋಕೆ ಕಾಯ್ದೆ ನಮಗೆ ಅಧಿಕಾರ ಕೊಟ್ಟಿಲ್ಲ.”

“ತೆಗೀರಿ. ಮೊದಲ್ನೇದು ಇರ್ಲಿ.”

“ವಿಚಾರಣೆ ನಡೀತಿದೆ ಅಂದ್ರೆ ಸಾಲದು. ಕೊಟ್ರೆ ಆ ವಿಚಾರಣೆಗೆ ಹೇಗೆ ಅಡ್ಡಿಯಾಗುತ್ತೆ ಅಂತ ಬರೀಬೇಕು. ನೀವು ಹೇಳಿ, ನಾನು ಬರ್ಕೋತೀನಿ.”

ಎಂಜಿನಿಯರರು ಕುರ್ಚಿ ಎಳೆದು ಕೂತರು. “ಸಾಕ್ಷಿ ಹೇಳಿದವರ ಮಾತು ಹೊರಗೆ ಹೋದ್ರೆ, ಇನ್ನೂ ಹೇಳದೇ ಇರೋರು ಅದನ್ನ ಓದ್ಕೊಂಡು ಬಂದು ಕೂರ್ತಾರೆ. ಕೆಲವರನ್ನ ಹೆದರಿಸೋರೂ ಇದ್ದಾರೆ.”

“ಇದು ಕಾರಣ,” ಎಂದು ಅವಳು ಬರೆದುಕೊಂಡಳು. “ಹೇಳಿಕೆಗಳಿಗೆ ಇದು ನಿಲ್ಲುತ್ತೆ. ಪರೀಕ್ಷೆಯ ವರದಿಗಳಿಗೆ?”

“ಅದಕ್ಕೂ ಅದೇ.”

“ವರದಿ ಬರೆದದ್ದು ಲಿಫ್ಟ್ ಬೀಳೋಕೆ ಮುಂಚೆ. ಅದನ್ನ ಈಗ ಯಾರು ಓದಿದ್ರೂ ಅದರೊಳಗಿನ ಮಾತು ಬದಲಾಗಲ್ಲ. ವಿಚಾರಣೆಯವರ ಹತ್ರ ಒಂದು ಪ್ರತಿ ಆಗ್ಲೇ ಇದೆ.”

ಎಂಜಿನಿಯರರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ತಿರುಗಿಸುತ್ತ ಕೂತರು. ಹೊರಗೆ ಯಾರೋ ಜೆರಾಕ್ಸ್ ಯಂತ್ರದ ಮುಚ್ಚಳ ಧಡಾರನೆ ಹಾಕಿದರು.

“ಕೊನೇ ವರದಿಯಲ್ಲಿ ನನ್ನ ಸಹಿ ಇದೆ ಮೇಡಂ,” ಎಂದರು ದನಿ ತಗ್ಗಿಸಿ. “ಸುಸ್ಥಿತಿಯಲ್ಲಿದೆ ಅಂತ ಬರೆದಿದ್ದೀನಿ. ಆವತ್ತು ಮೇಲಿನ ಮಹಡಿಗೆ ಹತ್ತಿ ಹಗ್ಗ ನೋಡಿರ್ಲಿಲ್ಲ.”

ಅವಳ ಕೈ ನಿಂತಿತು. ಹೀಗೆ ಬಾಯಿಬಿಟ್ಟು ಹೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಅವರ ಮಗಳ ಮದುವೆಗೆ ಹೋಗಿ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

“ಈ ಮಾತು ನೀವು ವಿಚಾರಣೆಯಲ್ಲಿ ಹೇಳಬೇಕು ಸರ್. ಸಹಿ ಇದೆ ಅನ್ನೋದು ಕಾಯ್ದೆಯಲ್ಲಿ ತಡೆಹಿಡಿಯೋ ಕಾರಣ ಅಲ್ಲ.”

ಅವರು ದಡಕ್ಕನೆ ಎದ್ದರು. “ಮೇಲಿನವರ ಹತ್ರ ಮಾತಾಡ್ತೀನಿ. ಈ ಕುರ್ಚಿನೂ ಎಷ್ಟು ದಿನ ಇರುತ್ತೋ ನೋಡ್ಕೊಳ್ಳಿ.” ಫೈಲು ಮಾತ್ರ ಮೇಜಿನ ಮೇಲೆಯೇ ಉಳಿಯಿತು.

ಆ ದಿನ ಸಂಜೆ ಮನೆಯಲ್ಲಿ ಅವಳಿಗೆ ಒಂದು ಕೆಲಸವೂ ಸರಿಹೋಗಲಿಲ್ಲ. ಅನ್ನ ತಳ ಹಿಡಿಯಿತು. ಗಂಡ ಸುಮ್ಮನೆ ಬಂದು ಸೌಟು ತೆಗೆದುಕೊಂಡ. ಅವಳು ಹಾಲ್‌ನಲ್ಲಿ ಕೂತು, ಯಾರ ಹೆಸರೂ ಇಲ್ಲದ ಕರಡನ್ನು ಮಾವನಿಗೆ ಓದಿ ಹೇಳಿದಳು. ಮಾವ ಬಸ್ ಕಂಡಕ್ಟರಾಗಿದ್ದವರು, ಈಗ ಕಿವಿ ಮಂದ. ಅವರಿಗೆ ಕೇಳಬೇಕೆಂದರೆ ಗಟ್ಟಿಯಾಗಿ ಓದಬೇಕು. ಗಟ್ಟಿಯಾಗಿ ಓದಿದರೆ ಸಾಲಿನ ಕುಂಟುತನ ಅವಳಿಗೇ ಕೇಳಿಸುತ್ತಿತ್ತು.

“‘ತಮ್ಮ ಅಮೂಲ್ಯ ಅರ್ಜಿಯನ್ನು ಅತ್ಯಂತ ಗೌರವಪೂರ್ವಕವಾಗಿ ಪರಿಶೀಲಿಸಿ...’”

“ಯಾರಿಗಮ್ಮ, ಮಂತ್ರಿಗಾ?”

“ಇಲ್ಲ ಮಾವ, ಪೆಟ್ಟು ತಿಂದವನ ಅಕ್ಕನಿಗೆ.”

“ಹಾಗಾದ್ರೆ ಮೂಗಿಗೆ ತುಪ್ಪ ಸವರ್ಬೇಡ. ಏನು ಕೊಡ್ತೀಯ, ಏನು ಕೊಡಲ್ಲ, ಯಾಕೆ ಕೊಡಲ್ಲ, ಅದನ್ನ ಹೇಳು. ಟಿಕೆಟ್ ಇಲ್ಲದೋನನ್ನ ಇಳಿಸ್ವಾಗ ನಾನು ಅಷ್ಟೇ ಹೇಳ್ತಿದ್ದೆ. ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತಾನೂ ಹೇಳ್ತಿದ್ದೆ.”

“ಎಲ್ಲರೂ ನಿಮ್ಮನ್ನ ಬೈತಿದ್ರು ಅಂತ ಅತ್ತೆ ಹೇಳ್ತಿದ್ರಲ್ಲ?”

“ಬೈತಿದ್ರು. ಆದ್ರೆ ಅದೇ ಬಸ್ಸಿಗೆ ಕಾಯ್ತಿದ್ರು.”

ಅವಳು ನಕ್ಕು, ಆ ಇಡೀ ಸಾಲನ್ನು ಹೊಡೆದುಹಾಕಿದಳು.

ಮರುದಿನ ಉತ್ತರ ಮೈತುಂಬಿಕೊಂಡಿತು. ‘ನಿಮ್ಮ ತಮ್ಮನವರಿಗೆ ಆದ ಪೆಟ್ಟು ತಿಳಿದು ದುಃಖವಾಯಿತು. ನಿಮ್ಮ ಪ್ರಶ್ನೆಗಳಿಗೆ ನೀವು ಕೇಳಿದ ಕ್ರಮದಲ್ಲೇ ಉತ್ತರವಿದೆ’ ಎಂದು ಆರಂಭಿಸಿದಳು. ಪರೀಕ್ಷೆಯ ವರದಿಗಳೆಲ್ಲದರ ಪ್ರತಿ ಲಗತ್ತಿಸಿದೆ. ಖಾಸಗಿ ಫೋನ್ ಸಂಖ್ಯೆಗಳನ್ನು ಮಾತ್ರ ಮಸಿಯಿಂದ ಮುಚ್ಚಿದೆ. ದೂರುಗಳ ಪ್ರತಿಯೂ ಇದೆ. ಆದರೆ ದೂರಿತ್ತವರ ಹೆಸರು ಹೊರಬಿದ್ದರೆ ಅವರಿಗೆ ಅಪಾಯವಾಗಬಹುದು, ಅವರಲ್ಲೊಬ್ಬರಿಗೆ ಈಗಾಗಲೇ ಬೆದರಿಕೆ ಬಂದಿದೆ, ಹಾಗಾಗಿ ಹೆಸರು ಮುಚ್ಚಿದೆ. ದುರಸ್ತಿ ಪುಸ್ತಕಗಳಲ್ಲಿ ಒಂದು ತಿಂಗಳದ್ದು ಮಾತ್ರ ಸಿಗಲಿಲ್ಲ. ಎಲ್ಲೆಲ್ಲಿ ಹುಡುಕಿದೆವು ಎಂಬುದು ಇಂತಿದೆ. ಸಾಕ್ಷಿಗಳ ಹೇಳಿಕೆಗಳನ್ನು ಈಗ ಕೊಡಲಾಗದು, ಏಕೆಂದರೆ ಇನ್ನೂ ಕೆಲವರ ಹೇಳಿಕೆ ಬಾಕಿ ಇದೆ, ಮೊದಲಿನವರ ಮಾತು ಓದಿ ಅವರು ತಮ್ಮ ಮಾತು ಬದಲಿಸುವ ಸಂಭವವಿದೆ. ಪ್ರತಿಯೊಂದು ನಿರಾಕರಣೆಯ ಪಕ್ಕದಲ್ಲೂ ಕಾಯ್ದೆಯ ಕಲಂ, ಉಪಕಲಂ. ಕೊನೆಗೆ, ಈ ಉತ್ತರ ಒಪ್ಪಿಗೆಯಾಗದಿದ್ದರೆ ಯಾರಿಗೆ, ಯಾವ ವಿಳಾಸಕ್ಕೆ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು ಎಂಬ ವಿವರ.

ಸಹಿಗೆ ಪೆನ್ನು ಎತ್ತಿದ್ದಳು, ಅಷ್ಟರಲ್ಲಿ ಆಯುಕ್ತರ ಕೊಠಡಿಯಿಂದ ಕರೆ ಬಂತು. ಒಳಗೆ ಎಂಜಿನಿಯರರು ಗೋಡೆಗೆ ಒರಗಿ ನಿಂತಿದ್ದರು. ಆಯುಕ್ತರು ಕೈ ಚಾಚಿದರು.

“ಆ ಉತ್ತರ ಕೊಡಿ ಇಲ್ಲಿ. ನಾನೊಂದು ಸಲ ನೋಡ್ತೀನಿ. ವರದಿಗಳನ್ನ ಸದ್ಯಕ್ಕೆ ತಡೆಹಿಡಿಯೋಣ.”

ಅವಳು ಕಾಗದ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹುಡುಕುವಷ್ಟರಲ್ಲಿ ಹೇಳಿದಳು.

“ಸರ್, ಈ ಅರ್ಜಿಯ ಮೇಲ್ಮನವಿ ಬರೋದು ನಿಮ್ಮ ಮುಂದೆ. ಹೀಗೇ ಉತ್ತರ ಬರೀ ಅಂತ ನೀವೇ ಈಗ ಹೇಳಿದ್ರೆ, ನಾಳೆ ಆ ಹೆಂಗಸಿನ ಮಾತನ್ನ ಯಾವ ಮುಖ ಇಟ್ಕೊಂಡು ಕೇಳ್ತೀರಿ? ತಡೆಹಿಡಿಯೋದು ನಿಮ್ಮ ಆದೇಶ ಆದ್ರೆ ಲಿಖಿತದಲ್ಲಿ ಕೊಡಿ, ಅದನ್ನೂ ಫೈಲಿಗೆ ಸೇರಿಸ್ತೀನಿ.”

ಆಯುಕ್ತರು ಕನ್ನಡಕ ಹಾಕಿಕೊಂಡರು, ಕಾಗದದ ಕಡೆ ನೋಡಲಿಲ್ಲ. ಎಂಜಿನಿಯರರ ಮುಖ ನೋಡಿದರು, ಬಾಗಿಲು ನೋಡಿದರು. ಆಮೇಲೆ ಕಾಗದವನ್ನು ಕಾದ ಹಂಚನ್ನು ತಳ್ಳುವಂತೆ ಬೆರಳ ತುದಿಯಿಂದ ಅವಳತ್ತ ತಳ್ಳಿದರು.

“ನಾನು ಇದನ್ನ ಓದಿಲ್ಲ. ನಿಮ್ಮ ಜವಾಬ್ದಾರಿ, ನೀವೇ ನೋಡ್ಕೊಳ್ಳಿ.”

ಅವಳು ಸಹಿ ಹಾಕಿ ಒಯ್ದಾಗ ಟಪಾಲಿನ ಗುಮಾಸ್ತ ಆಗಲೇ ಚೀಲದ ಬಾಯಿ ಕಟ್ಟುತ್ತಿದ್ದ. “ನಾಳೆ ಕಳಿಸಿದ್ರೆ ಆಗಲ್ವಾ ಮೇಡಂ?” ಎಂದು ಗೊಣಗಿದ. ಅವಳ ಮುಖ ನೋಡಿ ಮರುಮಾತಾಡದೆ ಗಂಟು ಬಿಚ್ಚಿದ. ನೋಂದಾಯಿತ ಅಂಚೆಯ ರಸೀದಿ ಕೈಗೆ ಬಂದ ಮೇಲೆಯೇ ಅವಳು ನೀರು ಕುಡಿದದ್ದು.

ವಾರ ಕಳೆಯುವುದರೊಳಗೆ ಹಮಾಲಿಯ ಅಕ್ಕ ಬಂದಳು. ಸೂಜಿ ಚುಚ್ಚದಂತೆ ಹೊಲಿಗೆಯವರು ತೊಡುವ ಲೋಹದ ಕವಚ ಇನ್ನೂ ಬೆರಳಲ್ಲೇ ಇತ್ತು. ಉತ್ತರವನ್ನು ಮೇಜಿನ ಮೇಲೆ ಹರಡಿ ನಿಂತೇ ಮಾತಾಡಿದಳು.

“ಓದಿದೆ ಮೇಡಂ. ದೂರು ಕೊಟ್ಟೋರ ಹೆಸರು ಯಾಕೆ ಮುಚ್ಚಿದ್ರಿ ಅಂತ ಗೊತ್ತಾಯ್ತು. ಅವರಿಗೆ ಕೈ ಮುಗೀಬೇಕು ಅಂತಿದ್ದೆ, ಹೋಗ್ಲಿ ಬಿಡಿ, ಅವರು ನೆಮ್ಮದಿಯಾಗಿರ್ಲಿ. ಆದ್ರೆ ಈ ಹೇಳಿಕೆಗಳ ವಿಷಯ ನಾನು ಒಪ್ಪಲ್ಲ.”

“ಕೂತ್ಕೊಳ್ಳಿ, ಏನು ಹೇಳಿ.”

“ಒಬ್ಬರ ಮಾತು ಓದಿ ಇನ್ನೊಬ್ಬರು ಬದಲಾಯಿಸ್ತಾರೆ ಅಂತ ಬರೆದಿದ್ದೀರಿ. ಸರಿ. ನನ್ನ ತಮ್ಮ ಆಸ್ಪತ್ರೇಲಿ ಮಲಗಿದ್ದಾಗ ಅವನ ಹತ್ರಾನೂ ಬರೆಸ್ಕೊಂಡು ಹೋದ್ರಲ್ಲ? ಅವನು ಹೇಳಿದ್ದು ಅವನಿಗೇ ಕೊಟ್ರೆ ಯಾರ ಮಾತು ಬದಲಾಗುತ್ತೆ? ನೋವಿನ ಔಷಧಿ ಮಂಪರಲ್ಲಿ ಏನು ಹೇಳಿದ್ನೋ ಅವನಿಗೇ ನೆನಪಿಲ್ಲ. ಅವನ ಒಪ್ಪಿಗೆ ಕಾಗದಾನೂ ತಂದಿದ್ದೀನಿ.”

ತಿದ್ದುಪಡಿ ಮೇಡಂ ಆ ಒಪ್ಪಿಗೆ ಕಾಗದ ತೆಗೆದುಕೊಂಡು ಓದಿದಳು. ಹೇಳಿಕೆಗಳನ್ನೆಲ್ಲ ಒಂದೇ ಕಟ್ಟಾಗಿ ನೋಡಿದ್ದಳು. ಒಂದೊಂದನ್ನೂ ಬಿಡಿಸಿ ನೋಡಿರಲಿಲ್ಲ.

“ನನ್ನಿಂದ ಕಣ್ತಪ್ಪಾಗಿದೆ,” ಎಂದಳು. “ಆದ್ರೆ ಒಂದು ಸಲ ಕಳಿಸಿದ ಉತ್ತರಾನ ನಾನೇ ಬದಲಾಯಿಸೋಕೆ ಬರಲ್ಲ. ಮೇಲ್ಮನವಿ ಹಾಕಿ. ಈಗ ಹೇಳಿದ ಮಾತನ್ನೇ ಹೀಗೇ ಬರೀರಿ.”

“ನಿಮ್ಮ ಮೇಲೇ ಬರೀಬೇಕಾ?”

“ನನ್ನ ಉತ್ತರದ ಮೇಲೆ.”

ಅಕ್ಕ ಅಲ್ಲೇ ಕೂತು ಬರೆದಳು. ಮೇಲ್ಮನವಿಯ ವಿಚಾರಣೆಯ ದಿನ ಆಯುಕ್ತರು ಎರಡೂ ಕಡೆಯವರ ಮಾತು ಕೇಳಿದರು. ತಿದ್ದುಪಡಿ ಮೇಡಂ ಎದ್ದು ನಿಂತು, ಆ ಒಂದು ಹೇಳಿಕೆಯ ಮಟ್ಟಿಗೆ ತಾನು ಕೊಟ್ಟ ಕಾರಣ ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡಳು. ಹಮಾಲಿಯ ಹೇಳಿಕೆಯನ್ನು ಕೊಡಬೇಕು, ಉಳಿದವನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಬಹುದು ಎಂದು ಆದೇಶವಾಯಿತು. ‘ಲಿಫ್ಟಿನಲ್ಲಿ ಮಿತಿ ಮೀರಿ ಸರಕು ತುಂಬಿದ್ದು ನಾನೇ’ ಎಂದು ಆ ಹೇಳಿಕೆಯಲ್ಲಿ ಬರೆದಿತ್ತು. ಹಮಾಲಿ ಅದನ್ನು ಓದಿ, ತಾನು ಎಚ್ಚರದಲ್ಲಿದ್ದು ಹೇಳಿದ ಮಾತಲ್ಲ ಎಂದು ವೈದ್ಯರ ಪತ್ರದ ಜೊತೆ ಹೊಸ ಹೇಳಿಕೆ ಕೊಟ್ಟ. ವಿಚಾರಣೆಯವರು ಅದನ್ನು ಸ್ವೀಕರಿಸಿದರು.

ಎಂಜಿನಿಯರರು ಅದಾದ ಕೆಲವೇ ದಿನಗಳಲ್ಲಿ ತಾವಾಗಿಯೇ ಹೋಗಿ, ಹಗ್ಗ ನೋಡದೆ ಸಹಿ ಹಾಕಿದ್ದನ್ನು ಹೇಳಿದರು. ಅವರನ್ನು ಅಮಾನತು ಮಾಡಿದರು. ಕಚೇರಿಯಲ್ಲಿ ಅರ್ಧ ಜನ ತಿದ್ದುಪಡಿ ಮೇಡಂ ಜೊತೆ ಮಾತು ಬಿಟ್ಟರು. ಊಟದ ಹೊತ್ತಿಗೆ ಅವಳ ಎದುರಿನ ಬೆಂಚು ಬಹಳ ಕಾಲ ಖಾಲಿ ಇರುತ್ತಿತ್ತು. ಒಂದು ಮಧ್ಯಾಹ್ನ ಟಪಾಲಿನ ಗುಮಾಸ್ತ ತನ್ನ ಡಬ್ಬಿ ತಂದು ಅಲ್ಲಿ ಕೂತ. ಊಟ ಮುಗಿಸಿ ಏಳುವಾಗ, “ಮೇಡಂ, ನಮ್ಮ ಬೀದಿ ದೀಪದ ವಿಷಯಕ್ಕೆ ಒಂದು ಅರ್ಜಿ ಬರೀಬೇಕು. ಹೇಗೆ ಶುರು ಮಾಡ್ಲಿ?” ಎಂದ.